ನಾಯಿಮರಿಯ ಪುಸ್ತಕ ಕೊಳ್ಳುವ ಮೊದಲು

ದೀಪಾ, ಮರಿ ಮನೆಗೆ ಬರುವುದರೊಳಗೆ ಒಂದು ಒಳ್ಳೆಯ ಪುಸ್ತಕ ಹೇಳಿ ಚಿಕ್ಕಪ್ಪ ಅಂದೆಯಲ್ಲ. ಅಂಗಡಿಗೆ ಹೋದಾಗ ಮುಖಪುಟದ ಮುದ್ದು ಚಿತ್ರಕ್ಕೆ ಮರುಳಾಗಬೇಡ. ಒಳಗೆ ಎರಡೇ ವಿಷಯ ಹುಡುಕು: ಮರಿ ಮನೆಯೊಳಗೆ ಉಚ್ಚೆ ಹೊಯ್ದರೆ ಏನು ಮಾಡಬೇಕು, ಕೈ ಕಚ್ಚಿದರೆ ಏನು ಮಾಡಬೇಕು. ಪುಸ್ತಕದ ಯೋಗ್ಯತೆ ಅಲ್ಲೇ ತಿಳಿದುಹೋಗುತ್ತದೆ.

ಉಚ್ಚೆಯಲ್ಲಿ ಮೂತಿ ಉಜ್ಜು, ಮರಿಯನ್ನು ಅಂಗಾತ ಕೆಡವಿ ಒತ್ತಿಹಿಡಿದು ನೀನೇ ಯಜಮಾನ ಎಂದು ತೋರಿಸು ಎಂದು ಬರೆದಿದ್ದರೆ ಆ ಪುಸ್ತಕವನ್ನು ಅಲ್ಲೇ ಬಿಟ್ಟು ಬಾ. ಈ ಯಜಮಾನಿಕೆಯ ಮಾತಿನ ಬೇರು ತೋಳಗಳಲ್ಲಿದೆ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳಗಳನ್ನು ನೋಡಿ 1947ರಲ್ಲಿ ಬರೆದರು. ಡೇವಿಡ್ ಮೆಕ್ ಅವರ 1970ರ ಪುಸ್ತಕದಿಂದ ಆ ವಿಚಾರ ಎಲ್ಲೆಡೆ ಹರಡಿತು. ಆದರೆ ಕಾಡಿನ ತೋಳಗಳನ್ನು ಹತ್ತಿರದಿಂದ ಕಂಡ ಮೇಲೆ, ಹಿಂಡೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಅವರ ಮರಿಗಳು ಎಂದು 1999ರಲ್ಲಿ ಅದೇ ಮೆಕ್ ತಿದ್ದಿ ಬರೆದರು. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಅಂಗಾತ ಕೆಡವುವ ವಿಧಾನ ಹೇಳಿದ್ದರು. 2002ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಆದ್ದರಿಂದ ಹಳೇ ಪುಸ್ತಕ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವಾಗ ಯಾವ ವರ್ಷದ ಆವೃತ್ತಿ ಎಂದು ನೋಡು.

ನಾನು ನಿನಗೆ ಹೇಳುವುದು ಪಶುವೈದ್ಯ ಇಯಾನ್ ಡನ್‌ಬಾರ್ ಬರೆದ ‘ಬಿಫೋರ್ ಅಂಡ್ ಆಫ್ಟರ್ ಗೆಟಿಂಗ್ ಯುವರ್ ಪಪ್ಪಿ’. ಅದರ ದಾರಿ ಇದು. ಎರಡು ತಿಂಗಳ ಮರಿಗೆ ಹೊತ್ತು ತಡೆಯುವ ಶಕ್ತಿ ಇಲ್ಲ. ಮಲಗೆದ್ದ ಕೂಡಲೆ, ಉಂಡ ಮೇಲೆ, ಆಟ ಮುಗಿದ ಮೇಲೆ, ಉಳಿದಂತೆ ಹಗಲಲ್ಲಿ ಗಂಟೆಗೊಮ್ಮೆ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗು. ಆಟಕ್ಕೆ ಇಳಿಯದೆ ಸುಮ್ಮನೆ ನಿಲ್ಲು. ಹೊಯ್ದು ಮುಗಿಸಿದ ಆ ಕ್ಷಣದಲ್ಲೇ ತಿಂಡಿಯ ಒಂದು ಚೂರು ಕೊಡು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತೆ. ಕಣ್ಣಿಡಲು ಆಗದ ಹೊತ್ತಿನಲ್ಲಿ ಇಡೀ ಮನೆ ಬಿಟ್ಟುಕೊಡದೆ ಒಂದು ಮೂಲೆಗೆ ಅಡ್ಡ ಕಟ್ಟಿ ಅಲ್ಲಿಡು.

ಒಳಗೆ ಹೊಯ್ದದ್ದನ್ನು ಆಮೇಲೆ ಕಂಡರೆ ಬಯ್ಯಬೇಡ, ಒರೆಸು. ಬರಿಯ ಫಿನೈಲ್ ವಾಸನೆ ನಮ್ಮ ಮೂಗನ್ನು ಏಮಾರಿಸುತ್ತದೆ, ಮರಿಯ ಮೂಗನ್ನಲ್ಲ. ಎಂಜೈಮ್ ಇರುವ ಕ್ಲೀನರ್ ಸಿಕ್ಕರೆ ಒಳ್ಳೆಯದು. ಮರಿ ನಿನ್ನ ಕಣ್ಣೆದುರು ಹೊಯ್ಯದೆ ಸೋಫಾದ ಹಿಂದೆ ಹೋಗಿ ಹೊಯ್ಯತೊಡಗಿದರೆ, ಮನೆಯಲ್ಲಿ ಯಾರೋ ಗದರಿದ್ದಾರೆ ಎಂದೇ ತಿಳಿ. ಅದು ಕಲಿತದ್ದು ‘ಒಳಗೆ ಹೊಯ್ಯಬಾರದು’ ಎಂದಲ್ಲ, ‘ಇವರ ಮುಂದೆ ಹೊಯ್ಯಬಾರದು’ ಎಂದು.

ಕಚ್ಚುವ ವಿಷಯದಲ್ಲಿ ಡನ್‌ಬಾರ್ ಮಾತು ಹಲವರಿಗೆ ವಿಚಿತ್ರ ಅನಿಸುತ್ತದೆ: ಒಂದೇ ದಿನಕ್ಕೆ ಕಚ್ಚುವುದನ್ನು ಬಿಡಿಸಬೇಡಿ, ಮೊದಲು ಅದರ ಜೋರು ಇಳಿಸಿ. ಮರಿಗೆ ತನ್ನ ದವಡೆಯ ಬಲ ಎಷ್ಟು ನೋಯಿಸುತ್ತದೆಂದು ಗೊತ್ತಾಗಬೇಕು. ಜೋರಾಗಿ ಕಚ್ಚಿದರೆ ‘ಅಯ್ಯೋ’ ಎಂದು ಆಟ ನಿಲ್ಲಿಸಿ ಅರೆ ನಿಮಿಷ ಎದ್ದು ಹೋಗು. ಮರಳಿ ಬಂದು ಆಟ ಮುಂದುವರಿಸು. ಜೋರು ಇಳಿದಂತೆಲ್ಲ ಇನ್ನೂ ಮೆತ್ತಗಿನ ಕಚ್ಚಿಗೂ ಹಾಗೇ ಮಾಡು, ಆಮೇಲೆ ಕಚ್ಚುವುದೇ ನಿಲ್ಲಲಿ. ದೊಡ್ಡ ಹಲ್ಲು ಬರುವ ನಾಲ್ಕೂವರೆ ತಿಂಗಳೊಳಗೆ ಇಷ್ಟು ಆಗಬೇಕು. ನಿನ್ನ ಮಗ ಕೂಗುತ್ತಾ ಓಡಿದರೆ ಮರಿಗೆ ಅದೂ ಆಟವೇ. ಮರದಂತೆ ನಿಲ್ಲು ಎಂದು ಅವನಿಗೂ ಕಲಿಸು.

ಹೊರದೇಶದ ಪುಸ್ತಕಗಳಿಗೆ ನಮ್ಮ ಬೀದಿ ಗೊತ್ತಿಲ್ಲ. ಅಪರಿಚಿತ ಜನ, ಸದ್ದು, ವಾಹನಗಳಿಗೆ ಮರಿ ಹೊಂದಿಕೊಳ್ಳುವ ಮುಖ್ಯ ಕಾಲ ಸುಮಾರು ಮೂರು ತಿಂಗಳೊಳಗೇ ಮುಗಿಯುತ್ತದೆ. ಆದರೆ ಪಾರ್ವೊ ಲಸಿಕೆಯ ಸರಣಿ ಮುಗಿಯಲು ಹದಿನಾರು ವಾರವಾದರೂ ಬೇಕು. ಅದಕ್ಕೇ ಮೊದಲ ಲಸಿಕೆಯ ನಂತರ ಮರಿಯನ್ನು ತೋಳಲ್ಲಿ ಎತ್ತಿಕೊಂಡೇ ರಸ್ತೆ, ಬಸ್ಸು, ಹೂವಿನ ಅಂಗಡಿ ಎಲ್ಲ ತೋರಿಸು. ಬೀದಿಯ ನೆಲಕ್ಕೆ ಇಳಿಸಬೇಡ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಅದಕ್ಕೆ ಮೊದಲು ಮರಿಯ ಹಲ್ಲು, ಉಗುರು ತಾಗಿ ಚರ್ಮ ಕಿತ್ತರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಉಣ್ಣೆಹುಳ ಕಂಡ ಮೇಲೆ ಮರಿ ಮಂಕಾಗಿ ಊಟ ಬಿಟ್ಟರೆ, ಇಲ್ಲವೇ ವಾಂತಿಯ ಜೊತೆ ರಕ್ತಭೇದಿಯಾದರೆ ಪುಸ್ತಕ ತಿರುವಿಹಾಕುತ್ತಾ ಕೂರಬೇಡ, ಅದೇ ದಿನ ಪಶುವೈದ್ಯರ ಬಳಿ ಹೋಗು.

ಒಂದು ಪುಸ್ತಕ ಸಾಕು, ಆದರೆ ಓದುವವಳು ನೀನೊಬ್ಬಳೇ ಆದರೆ ಸಾಲದು. ನೀನು ‘ಬೇಡ’ ಅಂದು, ನಿನ್ನ ಅತ್ತೆ ಚಪಾತಿ ಚೂರು ಕೊಟ್ಟರೆ ಮರಿ ಕಲಿಯುವುದು ಚಪಾತಿಯ ಪಾಠವನ್ನೇ. ಇಂಗ್ಲಿಷ್ ಓದದವರಿಗೆ ಮುಖ್ಯ ಮಾತುಗಳನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸು. ಯಾವುದಕ್ಕೆ ಯಾವ ಪದ, ಯಾರು ಎಷ್ಟು ಹೊತ್ತಿಗೆ ಹೊರಗೆ ಕರೆದೊಯ್ಯುವುದು ಎಂಬುದನ್ನು ಮರಿ ಬರುವ ಹಿಂದಿನ ದಿನವೇ ಎಲ್ಲರೂ ಕೂತು ಗೊತ್ತುಮಾಡಿಕೊಳ್ಳಿ.