ಕೊಯ್ದ ಗಾಯಕ್ಕೆ ಅರಿಶಿನ ತುಂಬಬೇಡಿ

ಅಳವಂಡಿಯ ತಾಯಿಯೊಬ್ಬರು ಕುಂಬಳಕಾಯಿ ಹೆಚ್ಚುತ್ತಿದ್ದರು. ಮೊಂಡಾಗಿದ್ದ ಚಾಕುವನ್ನು ಬಲವಾಗಿ ಒತ್ತಿದಾಗ ಅದು ಜಾರಿ, ಎಡಗೈಯ ತೋರುಬೆರಳಿನ ಬುಡವನ್ನು ಆಳವಾಗಿ ಕೊಯ್ದಿತು. ಅರಿಶಿನ ತುಂಬಿ ಬಟ್ಟೆ ಸುತ್ತಿದರು, ರಕ್ತ ನಿಂತಿತು. ಮೂರನೆಯ ದಿನ ನನ್ನಲ್ಲಿಗೆ ಬಂದಾಗ ಬೆರಳಿನ ತುದಿ ಮಡಚುತ್ತಿರಲಿಲ್ಲ. ಅದನ್ನು ಮಡಚುವ ಸ್ನಾಯುರಜ್ಜು ತುಂಡಾಗಿತ್ತು. ರಕ್ತ ನಿಂತ ಮಾತ್ರಕ್ಕೆ ಗಾಯ ಸಣ್ಣದೆಂದು ತಿಳಿಯಬಾರದು.

ಆಳವಾಗಿ ಕೊಯ್ದಾಗ ಸ್ವಚ್ಛವಾದ ಬಟ್ಟೆಯನ್ನು ಗಾಯದ ಮೇಲಿಟ್ಟು, ಕೈಯನ್ನು ಎದೆಗಿಂತ ಮೇಲೆತ್ತಿ, 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುವೆ ತೆರೆದು ನೋಡಿದರೆ ಹೆಪ್ಪುಗಟ್ಟಿದ ರಕ್ತ ಕದಲುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನಿಡಬೇಕು. ಅರಿಶಿನ, ಕಾಫಿಪುಡಿ, ಸುಣ್ಣ ಬೇಡ. ಅವು ಗಾಯದೊಳಗೆ ಉಳಿದು ಅದನ್ನು ತೊಳೆದು ಹೊಲಿಯುವುದನ್ನು ಕಠಿಣಗೊಳಿಸುತ್ತವೆ. ಸುಶ್ರುತಾಚಾರ್ಯರೂ ಗಾಯವನ್ನು ಶುದ್ಧಿಗೊಳಿಸಿಯೇ ಹೊಲಿಯಬೇಕೆಂದಿದ್ದಾರೆ.

ರಕ್ತ ಹತೋಟಿಗೆ ಬಂದ ಬಳಿಕ ಬೆರಳಿನ ಪ್ರತಿ ಗೆಣ್ಣನ್ನೂ ಮೆಲ್ಲನೆ ಮಡಚಿ, ಚಾಚಿ ನೋಡಬೇಕು; ತುದಿಯ ಎರಡೂ ಬದಿಗಳನ್ನು ಮುಟ್ಟಿ ನೋಡಬೇಕು. ಬೆರಳು ಮಡಚದಿದ್ದರೆ, ಸ್ಪರ್ಶ ತಿಳಿಯದಿದ್ದರೆ, ಗಾಯ ಬಾಯ್ದೆರೆದಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ಆ ಕೂಡಲೇ ಕೊಪ್ಪಳದಲ್ಲಿ ಶಸ್ತ್ರವೈದ್ಯರನ್ನು ಕಾಣಬೇಕು. ಧನುರ್ವಾಯು ಚುಚ್ಚುಮದ್ದು ಪಡೆದು 5 ವರ್ಷ ಮೀರಿದ್ದರೆ ಅದನ್ನೂ ಅವರಿಗೆ ತಿಳಿಸಬೇಕು.

ಆ ತಾಯಿಯ ಗಾಯಕ್ಕೆ ಮೂಲ ಮೊಂಡು ಚಾಕು. ಒದ್ದೆ ಸಾಣೆಕಲ್ಲಿನ ಮೇಲೆ ಅಲಗನ್ನು ಮಲಗಿಸಿ, ಅದರ ಬೆನ್ನನ್ನು ತುಸು ಮೇಲೆತ್ತಿ, ಎರಡೂ ಬದಿಗಳನ್ನು ಸಮನಾಗಿ ಮಸೆಯಬೇಕು. ಒತ್ತದೆಯೇ ಟೊಮೆಟೊ ಸಿಪ್ಪೆ ಕೊಯ್ದರೆ ಹರಿತ ಸಾಕು. ಕುಂಬಳಕಾಯಿಯನ್ನು ಹೋಳು ಮಾಡಿದ ಮೇಲೆ ಚಪ್ಪಟೆ ಬದಿ ಕೆಳಗಿಟ್ಟು ಹೆಚ್ಚಬೇಕು. ಚಾಕುವನ್ನು ಮುಸುರೆ ಪಾತ್ರೆಗಳ ನಡುವೆ ಹಾಕದೆ ಆಗಲೇ ತೊಳೆದು, ಮಕ್ಕಳಿಗೆ ಎಟುಕದೆಡೆ ಒರೆಯಲ್ಲಿಡಬೇಕು. ಈಳಿಗೆಯನ್ನು ಕೆಲಸ ಮುಗಿದೊಡನೆ ಮಡಚಿಡಬೇಕು.