ರೀಫಂಡ್ ಕಡಿಮೆ ಬಂತೆ? ಮೊದಲು ಡಾಲರ್ ಎಣಿಸಿ

ಅಮೆರಿಕದ ಒಂದು ವೆಬ್‌ಸೈಟಿನಲ್ಲಿ 200 ಡಾಲರ್ ಕೊಟ್ಟು ಸಾಫ್ಟ್‌ವೇರಿನ ವರ್ಷದ ಚಂದಾ ತೆಗೆದುಕೊಂಡಿರಿ ಎಂದಿಟ್ಟುಕೊಳ್ಳಿ. ಸರಿಹೋಗಲಿಲ್ಲ, ಮೂರು ವಾರ ಬಿಟ್ಟು ರದ್ದು ಮಾಡಿದಿರಿ. ‘ಪೂರ್ತಿ ಹಣ ವಾಪಸ್ ಮಾಡಿದ್ದೇವೆ’ ಎಂದು ಕಂಪನಿಯ ಇಮೇಲ್ ಬಂತು. ಆದರೆ ಕ್ರೆಡಿಟ್ ಕಾರ್ಡಿನಿಂದ ಹೋಗಿದ್ದು 17,493 ರೂಪಾಯಿ 84 ಪೈಸೆ, ಬಂದಿದ್ದು 16,640 ರೂಪಾಯಿ. ಕಂಪನಿ ಸುಳ್ಳು ಹೇಳಿಲ್ಲ, ನಿಮ್ಮ ಎಣಿಕೆಯೂ ತಪ್ಪಿಲ್ಲ. ಮಧ್ಯದಲ್ಲಿ ಹೋದ 853 ರೂಪಾಯಿ 84 ಪೈಸೆಯನ್ನು ಯಾರು ಇಟ್ಟುಕೊಂಡರು ಎಂಬುದನ್ನು ಹೀಗೆ ಪತ್ತೆಮಾಡಿ.

1. ರೂಪಾಯಿ ಪಕ್ಕಕ್ಕಿಡಿ, ಡಾಲರ್ ಹೋಲಿಸಿ.
ಸ್ಟೇಟ್‌ಮೆಂಟಿನಲ್ಲಿ ರೂಪಾಯಿ ಮೊತ್ತದ ಜತೆಗೆ ವಿದೇಶಿ ಕರೆನ್ಸಿಯ ಮೊತ್ತವೂ ಸಾಮಾನ್ಯವಾಗಿ ಇರುತ್ತದೆ. ಹೋಗಿದ್ದು 200, ಬಂದಿದ್ದೂ 200 ಡಾಲರ್ ಆಗಿದ್ದರೆ ಮಾರಿದವರ ಲೆಕ್ಕ ಚುಕ್ತಾ. ಆಮೇಲೆ ಅವರಿಗೆ ಎಷ್ಟು ಇಮೇಲ್ ಬರೆದರೂ ಫಲವಿಲ್ಲ, ಏಕೆಂದರೆ ನಿಮಗೆ ರೂಪಾಯಿಯಲ್ಲಿ ಎಷ್ಟು ಬಿತ್ತು ಎಂಬುದು ಅವರಿಗೆ ಕಾಣುವುದೇ ಇಲ್ಲ. ಬಂದಿದ್ದು 185 ಡಾಲರ್ ಆಗಿದ್ದರೆ ಮಾತ್ರ ಅವರನ್ನು ಕೇಳಬೇಕು. ಸಾಗಣೆ ವೆಚ್ಚವನ್ನೋ ರದ್ದತಿ ಶುಲ್ಕವನ್ನೋ ಅವರು ಹಿಡಿದುಕೊಂಡಿರಬಹುದು. ಬಹಳಷ್ಟು ಜನ ಈ ಒಂದು ಹೆಜ್ಜೆ ಬಿಟ್ಟು ವಾರಗಟ್ಟಲೆ ತಪ್ಪು ಬಾಗಿಲು ಬಡಿಯುತ್ತಾರೆ.

2. ಹೋಗುವಾಗಿನ ಮೊತ್ತವನ್ನು ಮೂರು ಭಾಗ ಮಾಡಿ.
ಪಾವತಿ ಮಾಡಿದ ದಿನಗಳಲ್ಲಿ ಡಾಲರಿಗೆ 84 ರೂಪಾಯಿ ದರವಿತ್ತು ಎನ್ನೋಣ. 200 ಡಾಲರಿಗೆ 16,800 ರೂಪಾಯಿ. ಈ ದರ ನಿಗದಿಯಾಗುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದಲ್ಲಿ. ಅದರ ಮೇಲೆ ನಿಮ್ಮ ಬ್ಯಾಂಕು ಫಾರಿನ್ ಕರೆನ್ಸಿ ಮಾರ್ಕಪ್ ಎಂಬ ಶುಲ್ಕ ಹಾಕುತ್ತದೆ. ನಮ್ಮಲ್ಲಿ ಅನೇಕ ಸಾಮಾನ್ಯ ಕಾರ್ಡುಗಳಿಗೆ ಇದು ಶೇ 3.5. ಇಲ್ಲಿ 588 ರೂಪಾಯಿ. ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 105 ರೂಪಾಯಿ 84 ಪೈಸೆ. ಒಟ್ಟು 17,493.84.

ಕೆಲವು ಬ್ಯಾಂಕುಗಳು ಮಾರ್ಕಪ್ಪನ್ನೂ ಜಿಎಸ್‌ಟಿಯನ್ನೂ ಬೇರೆ ಸಾಲುಗಳಲ್ಲಿ ತೋರಿಸುತ್ತವೆ, ಕೆಲವು ಮಾರ್ಕಪ್ಪನ್ನು ಮೂಲ ಮೊತ್ತದೊಳಗೇ ಸೇರಿಸಿಬಿಡುತ್ತವೆ. ಸೇರಿಸಿದ್ದರೆ ರೂಪಾಯಿ ಮೊತ್ತವನ್ನು ಡಾಲರಿನಿಂದ ಭಾಗಿಸಿ ನೋಡಿ. ಆ ದಿನದ ದರಕ್ಕಿಂತ ಮೂರ್ನಾಲ್ಕು ಶೇಕಡಾ ಹೆಚ್ಚು ಬಂದರೆ ಶುಲ್ಕ ಅದರೊಳಗಿದೆ ಎಂದರ್ಥ.

3. ಬರುವಾಗಿನ ದರ ಬೇರೆ ದಿನದ್ದು.
ಇಡೀ ಗೊಂದಲದ ಬೇರು ಇಲ್ಲಿದೆ. ರೀಫಂಡ್ ಎಂದರೆ ಹಳೆಯ ವ್ಯವಹಾರವನ್ನು ಅಳಿಸಿಹಾಕುವುದು ಎಂದು ನಾವು ತಿಳಿದಿರುತ್ತೇವೆ. ಕಾರ್ಡ್ ವ್ಯವಸ್ಥೆಗೆ ಅದು ಹೊಸದೇ ಒಂದು ವ್ಯವಹಾರ. 200 ಡಾಲರ್ ಈಗ ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಅದು ಜಾಲದಲ್ಲಿ ಇತ್ಯರ್ಥವಾದ ದಿನದ ದರದಲ್ಲಿ ರೂಪಾಯಿಯಾಗುತ್ತದೆ. ನೀವು ಕೊಂಡ ದಿನದ ದರ ಅಲ್ಲಿ ಲೆಕ್ಕಕ್ಕಿಲ್ಲ. ಆ ದಿನ ಡಾಲರಿಗೆ 83.20 ಇದ್ದರೆ 16,640 ರೂಪಾಯಿ.

ಈಗ 853.84ರ ಲೆಕ್ಕ ಬಿಡಿಸಬಹುದು. ದರ ಇಳಿದದ್ದರಿಂದ ಹೋಗಿದ್ದು 160 ರೂಪಾಯಿ ಮಾತ್ರ. ಮಿಕ್ಕ 693.84 ಮಾರ್ಕಪ್ ಮತ್ತು ಅದರ ತೆರಿಗೆ. ಹೆಚ್ಚಿನ ಬ್ಯಾಂಕುಗಳು ಇದನ್ನು ಹಿಂದಿರುಗಿಸುವುದಿಲ್ಲ, ಏಕೆಂದರೆ ಕರೆನ್ಸಿ ಬದಲಿಸಿಕೊಟ್ಟ ಸೇವೆ ಮುಗಿದಿದೆ ಎಂಬುದು ಅವರ ನಿಲುವು. ಎಲ್ಲರೂ ‘ಡಾಲರ್ ದರ’ವನ್ನು ದೂರುತ್ತಾರೆ, ದೊಡ್ಡ ಪಾಲು ನುಂಗಿದ್ದು ಶುಲ್ಕ.

ದರ ಏರಿದರೆ ನಿಮಗೇ ಲಾಭವಾಗಬಹುದಲ್ಲ? ಆಗಬಹುದು, ಆದರೆ ಮೊದಲು ಶುಲ್ಕದ ಹಳ್ಳ ತುಂಬಬೇಕು. ಈ ಲೆಕ್ಕದಲ್ಲಿ ಡಾಲರ್ 84ರಿಂದ ಸುಮಾರು 87.47ಕ್ಕೆ ಏರಿದರೆ ಮಾತ್ರ ಕೊಟ್ಟಷ್ಟು ಹಣ ಕೈಗೆ ಬರುತ್ತದೆ. ಮೂರು ವಾರದಲ್ಲಿ ಅಷ್ಟು ಏರುವುದು ಅಪರೂಪ.

4. ರೀಫಂಡಿನ ಮೇಲೂ ಮಾರ್ಕಪ್ ಬಿದ್ದಿದೆಯೇ ನೋಡಿ.
ಕೆಲವು ಕಾರ್ಡುಗಳ ನಿಯಮದಲ್ಲಿ, ವಾಪಸ್ ಬರುವ ವಿದೇಶಿ ಮೊತ್ತವನ್ನು ಬದಲಿಸುವುದಕ್ಕೂ ಶುಲ್ಕವಿದೆ. ಆಗ 16,640ರಲ್ಲಿ ಮತ್ತೆ 687 ರೂಪಾಯಿ 23 ಪೈಸೆ ಮುರಿದು 15,952.77 ಮಾತ್ರ ಜಮೆಯಾಗುತ್ತದೆ. ಬಳಸದೆ ಬಿಟ್ಟ ಚಂದಾಕ್ಕೆ ನೀವು ತೆತ್ತ ಬೆಲೆ ಸಾವಿರದೈನೂರಕ್ಕೂ ಹೆಚ್ಚು! ಇದು ನನಗೆ ನ್ಯಾಯವೆನಿಸುವುದಿಲ್ಲ, ಆದರೆ ನಿಯಮಗಳ ಪತ್ರದಲ್ಲಿ ಬರೆದಿದ್ದರೆ ಬ್ಯಾಂಕು ಅದನ್ನೇ ತೋರಿಸುತ್ತದೆ. ಕಂಡುಹಿಡಿಯಲು ಜಮೆಯಾದ ಮೊತ್ತವನ್ನು 200ರಿಂದ ಭಾಗಿಸಿ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ತಮ್ಮ ವೆಬ್‌ಸೈಟುಗಳಲ್ಲಿ ದಿನವಾರು ದರ ನೋಡುವ ಕ್ಯಾಲ್ಕ್ಯುಲೇಟರ್ ಇಟ್ಟಿವೆ. ಅಲ್ಲಿ ಬ್ಯಾಂಕಿನ ಶುಲ್ಕ ಸೊನ್ನೆ ಎಂದು ಹಾಕಿ, ಬಂದ ದರದೊಂದಿಗೆ ಹೋಲಿಸಿ. ಕೆಲವು ಪೈಸೆಯ ವ್ಯತ್ಯಾಸ ಸಹಜ. ಮೂರ್ನಾಲ್ಕು ರೂಪಾಯಿಯಾದರೆ ಶುಲ್ಕ ಎರಡನೇ ಸಲ ಬಿದ್ದಿದೆ.

5. ರದ್ದು ಮಾಡುವುದಿದ್ದರೆ ಅದೇ ದಿನ ಮಾಡಿ.
ಕಾರ್ಡ್ ಉಜ್ಜಿದ ಕೂಡಲೇ ಬರುವ ಎಸ್‌ಎಂಎಸ್ ಕೇವಲ ತಡೆಹಿಡಿದ ಮೊತ್ತದ ಸೂಚನೆ. ಅಸಲು ಲೆಕ್ಕ ಜಮಾ-ಖರ್ಚಿಗೆ ಬೀಳುವುದು ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು. ಎಸ್‌ಎಂಎಸ್‌ನ ಮೊತ್ತಕ್ಕೂ ಸ್ಟೇಟ್‌ಮೆಂಟಿನ ಮೊತ್ತಕ್ಕೂ ವ್ಯತ್ಯಾಸ ಬರುವುದು ಇದೇ ಕಾರಣಕ್ಕೆ. ಆ ನಡುವೆ ಮಾರಿದವರು ವ್ಯವಹಾರವನ್ನೇ ರದ್ದುಪಡಿಸಿದರೆ ಹಿಡಿದ ಹಣ ಹಾಗೇ ಬಿಡುಗಡೆಯಾಗುತ್ತದೆ. ಕರೆನ್ಸಿ ಬದಲಾಗುವುದೇ ಇಲ್ಲ, ಮಾರ್ಕಪ್ಪೂ ಇಲ್ಲ. ಆದ್ದರಿಂದ ಅವರಿಗೆ ಬರೆಯುವಾಗ ‘ರೀಫಂಡ್ ಕೊಡಿ’ ಎನ್ನುವ ಬದಲು, ಪಾವತಿ ಇನ್ನೂ ಇತ್ಯರ್ಥವಾಗಿಲ್ಲದಿದ್ದರೆ ಅದನ್ನೇ ರದ್ದು ಮಾಡಿ ಎಂದು ಕೇಳಿ.

6. ‘ರೂಪಾಯಿಯಲ್ಲೇ ಪಾವತಿಸಿ’ ಎಂಬ ಬಟನ್ ಒತ್ತುವ ಮೊದಲು ನಿಲ್ಲಿ.
ಕೆಲವು ಸೈಟುಗಳು ಡಾಲರ್ ಬೆಲೆಯನ್ನು ತಾವೇ ರೂಪಾಯಿಗೆ ಬದಲಿಸಿ ತೋರಿಸುತ್ತವೆ. ಈ ದರದಲ್ಲಿ ಅವರ ಲಾಭವೂ ಸೇರಿರುತ್ತದೆ. ಶೇ 5 ಸೇರಿಸಿದ್ದರೆ 16,800ರ ಬದಲು 17,640. ಸಾಲದ್ದಕ್ಕೆ, ವಿದೇಶದಲ್ಲಿ ನೋಂದಾಯಿತ ಮಾರಾಟಗಾರರಿಗೆ ರೂಪಾಯಿಯಲ್ಲಿ ಕೊಟ್ಟರೂ ನಮ್ಮ ಹಲವು ಬ್ಯಾಂಕುಗಳು ಶೇ 1 ಮತ್ತು ಜಿಎಸ್‌ಟಿ ಹಾಕುತ್ತವೆ. ಕೊಳ್ಳುವುದು ಖಚಿತವಿದ್ದರೆ ಡಾಲರಿನಲ್ಲೇ ಕೊಡುವುದು ಅಗ್ಗ. ಆದರೆ ವಾಪಸ್ ಮಾಡುವ ಸಂಭವ ಹೆಚ್ಚಿದ್ದರೆ ಲೆಕ್ಕ ತಿರುಗುತ್ತದೆ: ರೂಪಾಯಿಯಲ್ಲಿ ತೆಗೆದುಕೊಂಡವರು ಸಾಮಾನ್ಯವಾಗಿ ಅಷ್ಟೇ ರೂಪಾಯಿ ಹಿಂದಿರುಗಿಸುತ್ತಾರೆ, ನಿಮಗೆ ನಷ್ಟ ಆ ಶೇ 1ರ ಶುಲ್ಕ ಮತ್ತು ಅದರ ಜಿಎಸ್‌ಟಿಯಷ್ಟೇ. ಅವರ ರೀಫಂಡ್ ನಿಯಮದಲ್ಲಿ ಹಾಗೆಂದು ಬರೆದಿದೆಯೇ ಎಂದು ಓದಿಕೊಂಡು ತೀರ್ಮಾನಿಸಿ.

7. ಬ್ಯಾಂಕಿಗೆ ಬರೆಯುವಾಗ ಮೂರು ವಿವರ ಕೊಡಿ.
ಎರಡೂ ವ್ಯವಹಾರಗಳ ಡಾಲರ್ ಮೊತ್ತ, ಅವು ಖಾತೆಗೆ ಬಿದ್ದ ದಿನಾಂಕ, ಮತ್ತು ರೀಫಂಡಿನ ಎಆರ್‌ಎನ್. ಎಆರ್‌ಎನ್ ಎಂದರೆ ಆ ಹಣವನ್ನು ಜಾಲದಲ್ಲಿ ಗುರುತಿಸುವ 23 ಅಂಕಿಗಳ ಸಂಖ್ಯೆ. ಅದನ್ನು ಮಾರಿದವರಿಂದ ಕೇಳಿ ಪಡೆಯಬೇಕು. ರೀಫಂಡ್ ಇನ್ನೂ ಬಂದೇ ಇಲ್ಲ ಎಂಬ ದೂರಿಗೂ ಇದೇ ಸಂಖ್ಯೆ ಬೇಕು. ಪ್ರಶ್ನೆ ಒಂದೇ ಇರಲಿ: ‘ರೀಫಂಡಿಗೆ ಯಾವ ದರ ಹಾಕಿದ್ದೀರಿ, ಅದರ ಮೇಲೆ ಶುಲ್ಕ ಹಿಡಿದಿದ್ದರೆ ಯಾವ ನಿಯಮದ ಪ್ರಕಾರ?’ ಮಾರಿದವರದೇ ತಪ್ಪಿನಿಂದ, ಉದಾಹರಣೆಗೆ ಎರಡು ಸಲ ಹಣ ಕಡಿತವಾಗಿ ರೀಫಂಡ್ ಬಂದಿದ್ದರೆ, ಮಾರ್ಕಪ್ಪನ್ನೂ ವಾಪಸ್ ಕೊಡಿ ಎಂದು ಸ್ಪಷ್ಟವಾಗಿ ಕೇಳಿ. ಕೊಡಲೇಬೇಕೆಂದಿಲ್ಲ, ಆದರೆ ಕೇಳದೆ ಯಾರೂ ಕೊಡುವುದಿಲ್ಲ. ದರ ಇಳಿದ ನಷ್ಟವನ್ನು ಬ್ಯಾಂಕು ತುಂಬಿಕೊಡುವುದಿಲ್ಲ, ಅದನ್ನು ದೂರಿನಲ್ಲಿ ಸೇರಿಸಬೇಡಿ. ನಿಯಮದಲ್ಲೆಲ್ಲೂ ಇಲ್ಲದ ಶುಲ್ಕ ಹಿಡಿದಿದ್ದು, 30 ದಿನಗಳಲ್ಲಿ ಸಮಾಧಾನಕರ ಉತ್ತರ ಬರದಿದ್ದರೆ cms.rbi.org.in ಮೂಲಕ ಆರ್‌ಬಿಐ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.