ಮೊತ್ತ ಹೊಂದಿದರೆ ಸಾಲದು, ಬಿಲ್ಲೂ ಹೊಂದಬೇಕು

ಜಿಎಸ್‌ಟಿ ಕಟ್ಟುವ ಅನೇಕ ವ್ಯಾಪಾರಿಗಳು ತಿಂಗಳ ಕೊನೆಗೆ ಎರಡೇ ಅಂಕಿ ನೋಡುತ್ತಾರೆ: ತಮ್ಮ ಖರೀದಿ ಲೆಕ್ಕದಲ್ಲಿರುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಷ್ಟು, ಜಿಎಸ್‌ಟಿಆರ್-2ಬಿ ತೋರಿಸುವುದೆಷ್ಟು. ಎರಡೂ ಒಂದೇ ಆದರೆ ನಿಶ್ಚಿಂತೆ. ಈ ನಿಶ್ಚಿಂತೆಗೆ ಆಧಾರವಿಲ್ಲ. ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಊಹಿಸಿಕೊಳ್ಳಿ. ಪುಸ್ತಕದಲ್ಲಿ 90,000 ರೂಪಾಯಿ ಕ್ರೆಡಿಟ್, 2ಬಿಯಲ್ಲೂ ಅಷ್ಟೇ. ಒಂದೊಂದೇ ಬಿಲ್ ಇಟ್ಟು ನೋಡಿದರೆ, ಪುಸ್ತಕದಲ್ಲಿರುವ ಪೈಪಿನ ಬಿಲ್ಲೊಂದು (ತೆರಿಗೆ 18,000) 2ಬಿಯಲ್ಲಿ ಇಲ್ಲವೇ ಇಲ್ಲ. ಮಾರಿದವರು ಅದನ್ನು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸಿಲ್ಲ. ಅತ್ತ 2ಬಿಯಲ್ಲಿ ಹೊಸ ಗೋದಾಮು ಕಟ್ಟಿದ ಗುತ್ತಿಗೆದಾರರ ಬಿಲ್ ಬಂದು ಕೂತಿದೆ, ಅದರ ತೆರಿಗೆಯೂ 18,000. ಅಂಗಡಿಯ ಲೆಕ್ಕಿಗರು ಅದನ್ನು ಕಟ್ಟಡದ ಖರ್ಚಿಗೆ ಸರಿಯಾಗಿಯೇ ಸೇರಿಸಿದ್ದರು, ಏಕೆಂದರೆ ಸ್ವಂತ ಕಟ್ಟಡ ಕಟ್ಟಿಸಿದ ಗುತ್ತಿಗೆಗೆ ಕಲಂ 17(5) ಕ್ರೆಡಿಟ್ ಕೊಡುವುದಿಲ್ಲ. ಹೀಗಾಗಿ ಆ ತಿಂಗಳು ನಿಜಕ್ಕೂ ಸಿಗುವುದು 72,000 ಮಾತ್ರ. ಮೊತ್ತ ಹೊಂದಿರುವುದರಿಂದ ಪೋರ್ಟಲ್ ಸುಮ್ಮನಿರುತ್ತದೆ. ತಪ್ಪು ಸಿಗುವುದು ಮುಂದೆ ಲೆಕ್ಕ ತಪಾಸಣೆಯಲ್ಲಿ, ಬಳಸಿಕೊಂಡ ಹಣಕ್ಕೆ ವಾರ್ಷಿಕ ಶೇ 18ರ ಬಡ್ಡಿಯೊಂದಿಗೆ.

ಆದ್ದರಿಂದ 14ರಂದು 2ಬಿ ಸಿದ್ಧವಾದ ಮೇಲೆ, 3ಬಿ ಸಲ್ಲಿಸುವ ಮುನ್ನ, ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ತೆರಿಗೆ ಈ ಮೂರನ್ನೂ ತಾಳೆ ನೋಡಬೇಕು. ನೀವು 214 ಎಂದು ಬರೆದದ್ದನ್ನು ಅವರು 0214 ಎಂದು ಹಾಕಿದ್ದರೆ ಅದು ಬರಹದ ವ್ಯತ್ಯಾಸವಷ್ಟೇ, ತೆರಿಗೆ ಸರಿಯಿದ್ದರೆ ಗಾಬರಿ ಬೇಡ. ಗೋದಾಮಿನಂಥ ಕ್ರೆಡಿಟ್ಟನ್ನು 3ಬಿಯ 4(ಬಿ)(1)ರಲ್ಲಿ ಹಿಂತಿರುಗಿಸಿ. ಪೈಪಿನ ಬಿಲ್ಲನ್ನು ಮಾತ್ರ ಈ ತಿಂಗಳು ಬಿಟ್ಟುಬಿಡಿ. ಮಾರಿದವರು ಮುಂದಿನ ಜಿಎಸ್‌ಟಿಆರ್-1ರಲ್ಲಿ ಸೇರಿಸಿದರೆ ಮುಂದಿನ 2ಬಿಯಲ್ಲಿ ಬರುತ್ತದೆ, ಆಗ ಪಡೆಯಬಹುದು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದೇ ಗಡುವು.

‘ತೆರಿಗೆ ಸೇರಿಸಿಯೇ ದುಡ್ಡು ಕೊಟ್ಟಿದ್ದೇನೆ, ಅವರು ರಿಟರ್ನ್ ಹಾಕದಿದ್ದರೆ ನಾನೇಕೆ ಅನುಭವಿಸಬೇಕು?’ ಎನ್ನುವ ಆಕ್ಷೇಪ ನ್ಯಾಯವೇ. ಆದರೆ 2022ರ ಜನವರಿ 1ರಿಂದ ಜಾರಿಯಲ್ಲಿರುವ ಕಲಂ 16(2)(ಎಎ) ಪ್ರಕಾರ ಮಾರಾಟಗಾರರು ಬಿಲ್ ತೋರಿಸಿರಬೇಕು. 16(2)(ಸಿ) ಪ್ರಕಾರ ತೆರಿಗೆ ಸರ್ಕಾರಕ್ಕೆ ಸಂದಿರಬೇಕು. ಕರ್ನಾಟಕದ ಹಳೆಯ ವ್ಯಾಟ್ ಪ್ರಕರಣವೊಂದರಲ್ಲಿ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಬಿಲ್ ಮತ್ತು ಚೆಕ್ ತೋರಿಸಿದರಷ್ಟೇ ಸಾಲದು, ಸರಕು ನಿಜವಾಗಿ ಬಂದದ್ದನ್ನು ಕ್ರೆಡಿಟ್ ಕೇಳುವವರೇ ಸಾಬೀತು ಮಾಡಬೇಕು ಎಂದಿತು. ಅದು ಬೇರೆ ಕಾನೂನಿನ ತೀರ್ಪು, ನಿಜ. ಆದರೂ ಜಿಎಸ್‌ಟಿಯಲ್ಲೂ ರುಜುವಾತಿನ ಹೊಣೆ ಕಲಂ 155ರಡಿ ಕ್ರೆಡಿಟ್ ಕೇಳುವವರದೇ. ಲಾರಿ ಬಾಡಿಗೆ ಚೀಟಿ, ಇ-ವೇ ಬಿಲ್, ಬ್ಯಾಂಕ್ ದಾಖಲೆಗಳನ್ನು ಬಿಲ್ಲಿನ ಜೊತೆಗೇ ಇಡಿ. 2ಬಿಗಿಂತ ಹೆಚ್ಚು ಪಡೆದಿದ್ದೀರೆಂದು ಡಿಆರ್‌ಸಿ-01ಸಿ ಬಂದರೆ ಉತ್ತರಕ್ಕೆ ಇರುವುದು 7 ದಿನ.